ಫೋಟೊ ತೆಗೆದ ಸ್ಥಳಾಕೃತಿ ನಕ್ಷೆಯನ್ನು ಓದುವುದು ಹೇಗೆ? ಪ್ರಮಾಣ, ಸಮೋನ್ನತಿ ರೇಖೆ, ಸಂಕೇತ ಸೂಚಿ

ಪ್ರಾಯೋಗಿಕ ಪರೀಕ್ಷೆ ಹತ್ತಿರವಾದಂತೆ ನನ್ನ ಮೊಬೈಲಿಗೆ ನಕ್ಷೆಗಳ ಫೋಟೊಗಳು ಬರತೊಡಗುತ್ತವೆ. ಶಾಲೆಯಲ್ಲಿ ಟೋಪೋಶೀಟ್ ಇರುವುದು ಒಂದೋ ಎರಡೋ. ನಲವತ್ತು ಮಕ್ಕಳು ಅದರ ಸುತ್ತ ನಿಂತು ನೋಡಲಾಗುವುದಿಲ್ಲ, ಆದ್ದರಿಂದ ಎಲ್ಲರೂ ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ನಕ್ಷೆಯಲ್ಲಿ 1:50,000 ಎಂದು ಬರೆದಿದೆ. ಅದರಂತೆ ಅಳೆದರೆ ದೂರ ತಪ್ಪು ಬರುತ್ತಿದೆ. ಏಕೆ?’

ಉತ್ತರ ಸರಳವಾಗಿದೆ. ನಕ್ಷೆಯ ಫೋಟೊ ತೆಗೆದಾಗ ಅಂಕಿಯಲ್ಲಿ ಬರೆದದ್ದೆಲ್ಲ ಹಾಗೆಯೇ ಉಳಿಯುತ್ತದೆ, ಉದ್ದ ಮಾತ್ರ ಬದಲಾಗುತ್ತದೆ. ರೇಖೆಯ ಮೇಲೆ 1,200 ಎಂದಿದ್ದರೆ ಫೋಟೊವನ್ನು ಎಷ್ಟು ಹಿಗ್ಗಿಸಿದರೂ ಅದು 1,200 ಮೀಟರೇ. ಆದರೆ ಎರಡು ಊರುಗಳ ನಡುವಿನ ಸೆಂಟಿಮೀಟರುಗಳು ಪರದೆಯ ಮೇಲೆ ಬೆರಳಾಡಿಸಿದಷ್ಟೂ ಬದಲಾಗುತ್ತವೆ. ಎತ್ತರವನ್ನು ನಂಬಬಹುದು, ದೂರವನ್ನು ಪರೀಕ್ಷಿಸಿಯೇ ನಂಬಬೇಕು, ಬಣ್ಣವನ್ನು ಅರ್ಧ ನಂಬಬೇಕು. ಮುಂದಿನ ಹಂತಗಳೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಉದಾಹರಣೆಗೆ ನಂದಿಬೆಟ್ಟ ಇರುವ ಹಾಳೆಯನ್ನು ತೆಗೆದುಕೊಂಡಿದ್ದೇನೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸಂಖ್ಯಾಕ್ರಮದಲ್ಲಿ ಅದು 57 ಜಿ/11. ಉತ್ತರ ಅಕ್ಷಾಂಶ 13°15′ರಿಂದ 13°30′, ಪೂರ್ವ ರೇಖಾಂಶ 77°30′ರಿಂದ 77°45′ವರೆಗಿನ ಪ್ರದೇಶ ಅದರಲ್ಲಿದೆ. ನಂದಿಬೆಟ್ಟ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಮೂರೂ ಇದೇ ಹಾಳೆಯೊಳಗೆ ಬರುತ್ತವೆ. ನಿಮ್ಮ ಶಾಲೆಯಲ್ಲಿ ಬೇರೆ ಹಾಳೆಯಿದ್ದರೂ ಕ್ರಮ ಇದೇ.

ಬೇಕಾದದ್ದು

ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ನೇರ ಅಂಚಿರುವ ಉದ್ದನೆಯ ಕಾಗದದ ತುಂಡು, ಚೂಪಾದ ಪೆನ್ಸಿಲ್, ಹೊಲಿಗೆ ದಾರ. ಉಲ್ಲನ್ ದಾರ ಬೇಡ, ಅದು ಎಳೆದರೆ ಹಿಗ್ಗುತ್ತದೆ. ಸಾಧ್ಯವಾದರೆ ಫೋಟೊವನ್ನು ಎ4 ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿಕೊಳ್ಳಿ. ಪರದೆಯ ಮೇಲೆಯೂ ಕೆಲಸ ನಡೆಯುತ್ತದೆ, ಆದರೆ ಒಂದು ಅಳತೆ ಮುಗಿಯುವವರೆಗೆ ಹಿಗ್ಗಿಸುವುದು ಕುಗ್ಗಿಸುವುದು ಮಾಡಕೂಡದು.

ಹಂತ 1: ಫೋಟೊ ಸರಿಯಾಗಿದೆಯೇ ನೋಡಿ

ನಕ್ಷೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ನೇರ ಮೇಲಿನಿಂದ ತೆಗೆಯಬೇಕು. ಗೋಡೆಗೆ ತೂಗುಹಾಕಿದ ನಕ್ಷೆಯನ್ನು ಕೆಳಗೆ ನಿಂತು ತೆಗೆದರೆ ಮೇಲಿನ ಭಾಗ ಕುಗ್ಗಿ, ಕೆಳಗಿನ ಭಾಗ ಹಿಗ್ಗಿ ಕಾಣುತ್ತದೆ. ಲ್ಯಾಮಿನೇಟ್ ಮಾಡಿಸಿದ ನಕ್ಷೆಯಾದರೆ ಫ್ಲ್ಯಾಶ್ ಹಾಕಬೇಡಿ. ಬೆಳಕು ಬಿದ್ದ ಜಾಗದಲ್ಲಿ ರೇಖೆಗಳೇ ಅಳಿಸಿಹೋಗುತ್ತವೆ.

ಒಂದೇ ಫೋಟೊ ಸಾಲದು, ಕನಿಷ್ಠ ಮೂರು ಬೇಕು: ಇಡೀ ಹಾಳೆಯದ್ದು ಒಂದು, ನಿಮಗೆ ಬೇಕಾದ ಭಾಗದ್ದು ಒಂದು, ಕೆಳಗಿನ ಅಂಚಿನದ್ದು ಒಂದು. ಪ್ರಮಾಣ, ಸಮೋನ್ನತಿ ಅಂತರ, ಸಂಕೇತ ಸೂಚಿ ಎಲ್ಲವೂ ಇರುವುದು ಅಂಚಿನಲ್ಲಿ. ನನಗೆ ಬರುವ ಫೋಟೊಗಳಲ್ಲಿ ಅರ್ಧದಷ್ಟರಲ್ಲಿ ಈ ಅಂಚೇ ಇರುವುದಿಲ್ಲ. ಬೆಟ್ಟದ ಚಿತ್ರ ಚೆನ್ನಾಗಿ ಬಂದಿರುತ್ತದೆ, ಅದನ್ನು ಓದುವ ಕೀಲಿಕೈ ಶಾಲೆಯಲ್ಲೇ ಉಳಿದಿರುತ್ತದೆ.

ಈಗ ಪರೀಕ್ಷೆ. ನಕ್ಷೆಯ ಮೇಲೆ ಅಡ್ಡ ಮತ್ತು ಉದ್ದ ಗೆರೆಗಳು ಸೇರಿ ಚೌಕಗಳ ಜಾಲ ಇರುತ್ತದೆ. ಫೋಟೊದ ನಾಲ್ಕು ಮೂಲೆಗಳಲ್ಲಿ ಒಂದೊಂದು ಚೌಕವನ್ನು ಅಗಲಕ್ಕೂ ಉದ್ದಕ್ಕೂ ಅಳೆಯಿರಿ. ಎಂಟೂ ಅಳತೆಗಳು ಒಂದೇ ಬಂದರೆ ಫೋಟೊ ನೇರವಾಗಿದೆ. ಮೇಲಿನ ಚೌಕ 1.4 ಸೆಂ.ಮೀ., ಕೆಳಗಿನದು 1.8 ಸೆಂ.ಮೀ. ಬಂದರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ. ಅಂಥ ಫೋಟೊದಲ್ಲಿ ಇಡೀ ನಕ್ಷೆಗೆ ಒಂದೇ ಪ್ರಮಾಣ ಇರುವುದಿಲ್ಲ. ಮತ್ತೆ ತೆಗೆಯಲು ಆಗದಿದ್ದರೆ, ನೀವು ಅಳೆಯುವ ಜಾಗಕ್ಕೆ ಅತ್ಯಂತ ಹತ್ತಿರದ ಚೌಕವನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಓರೆಯನ್ನು ತಾವೇ ಸರಿಪಡಿಸುತ್ತವೆ, ನಿಜ. ಆದರೆ ಕೆಲವೊಮ್ಮೆ ಚಿತ್ರವನ್ನು ಎ4 ಆಕಾರಕ್ಕೆ ಎಳೆದುಬಿಡುತ್ತವೆ. ಆಗ ಚೌಕಗಳೆಲ್ಲ ಒಂದೇ ಗಾತ್ರದಲ್ಲಿ ಕಂಡರೂ ಅಗಲಕ್ಕಿಂತ ಉದ್ದ ಹೆಚ್ಚಾಗಿರುತ್ತದೆ. ಅಗಲ ಮತ್ತು ಉದ್ದ ಎರಡನ್ನೂ ಅಳೆಯಲು ಹೇಳಿದ್ದು ಇದಕ್ಕೇ. ಇಂಥ ಆ್ಯಪ್ ಬಳಸಿದರೆ ಕಪ್ಪು-ಬಿಳುಪು ಆಯ್ಕೆಯನ್ನು ಮೊದಲು ತೆಗೆದುಹಾಕಿ. ಇಲ್ಲದಿದ್ದರೆ ರಸ್ತೆ ಯಾವುದು, ಸಮೋನ್ನತಿ ರೇಖೆ ಯಾವುದು, ಹಳ್ಳ ಯಾವುದು ಎಂದು ಹೇಳುವ ದಾರಿಯೇ ಇರುವುದಿಲ್ಲ.

ಹಂತ 2: ಫೋಟೊದ ನಿಜವಾದ ಪ್ರಮಾಣವನ್ನು ಕಂಡುಹಿಡಿಯಿರಿ

ಪ್ರಮಾಣ ಅಥವಾ ಸ್ಕೇಲ್ ಎಂದರೆ ನಕ್ಷೆಯ ಮೇಲಿನ ದೂರಕ್ಕೂ ನೆಲದ ಮೇಲಿನ ದೂರಕ್ಕೂ ಇರುವ ಸಂಬಂಧ. 1:50,000 ಎಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ., ಅಂದರೆ ಅರ್ಧ ಕಿಲೋಮೀಟರ್. ಹಾಗಾಗಿ ಮೂಲ ಹಾಳೆಯಲ್ಲಿ 1 ಕಿ.ಮೀ. ದೂರಕ್ಕೆ 2 ಸೆಂ.ಮೀ. ಸಿಗಬೇಕು. ಅಂಚಿನಲ್ಲಿ ಈ ಪ್ರಮಾಣವನ್ನು ಅನುಪಾತವಾಗಿಯೂ, ರೇಖಾ ಪ್ರಮಾಣವಾಗಿಯೂ ಕೊಟ್ಟಿರುತ್ತಾರೆ. ರೇಖಾ ಪ್ರಮಾಣ ಎಂದರೆ ಕಿಲೋಮೀಟರುಗಳನ್ನು ಗುರುತು ಹಾಕಿದ ಪಟ್ಟಿ.

ಫೋಟೊದಲ್ಲಿ ಅನುಪಾತ ಸುಳ್ಳಾಗುತ್ತದೆ, ಪಟ್ಟಿ ಸುಳ್ಳಾಗುವುದಿಲ್ಲ. ನಕ್ಷೆ ಕುಗ್ಗಿದರೆ ಅದರ ಮೇಲಿನ ಪಟ್ಟಿಯೂ ಅಷ್ಟೇ ಕುಗ್ಗುತ್ತದೆ. ‘1:50,000’ ಎಂಬ ಅಕ್ಷರಗಳಿಗೆ ತಾವು ಕುಗ್ಗಿದ್ದು ಗೊತ್ತೇ ಆಗುವುದಿಲ್ಲ.

ಪಟ್ಟಿ ನಿಮ್ಮ ಫೋಟೊದಲ್ಲೇ ಇದ್ದರೆ ಕೆಲಸ ಸುಲಭ. ಕಾಗದದ ಅಂಚನ್ನು ಎರಡು ಸ್ಥಳಗಳ ನಡುವೆ ಇಟ್ಟು ಗುರುತು ಹಾಕಿಕೊಂಡು, ಅದೇ ಕಾಗದವನ್ನು ಪಟ್ಟಿಯ ಮೇಲೆ ಇಟ್ಟು ಓದಿ. ಲೆಕ್ಕವೇ ಬೇಡ. ಆದರೆ ಪಟ್ಟಿಯನ್ನು ಬೇರೆ ಫೋಟೊದಲ್ಲಿ ತೆಗೆದಿದ್ದರೆ ಈ ವಿಧಾನ ಬಳಸಬೇಡಿ, ಎರಡು ಫೋಟೊಗಳು ಒಂದೇ ಪ್ರಮಾಣದಲ್ಲಿ ಇರುವುದು ಅಪರೂಪ.

ಪಟ್ಟಿಯನ್ನು ಓದುವಾಗ ಮಕ್ಕಳು ಮಾಡುವ ತಪ್ಪು ಒಂದಿದೆ. ಪಟ್ಟಿಯ ಎಡತುದಿಯಲ್ಲಿ ಸೊನ್ನೆ ಇರುವುದಿಲ್ಲ. ಸೊನ್ನೆ ಸ್ವಲ್ಪ ಒಳಗೆ ಇರುತ್ತದೆ. ಅದರ ಎಡಕ್ಕೆ ಒಂದು ಕಿಲೋಮೀಟರನ್ನು ಚಿಕ್ಕ ಭಾಗಗಳಾಗಿ ಹಂಚಿ ಮೀಟರುಗಳಲ್ಲಿ ಗುರುತಿಸಿರುತ್ತಾರೆ, ಬಲಕ್ಕೆ ಪೂರ್ಣ ಕಿಲೋಮೀಟರುಗಳು. ಎಡತುದಿಯನ್ನೇ ಸೊನ್ನೆ ಎಂದುಕೊಂಡು ಕಾಗದದ ಎಡಗುರುತನ್ನು ಅಲ್ಲಿಟ್ಟು ಬಲದ ಅಂಕಿಯನ್ನು ಓದಿದರೆ ಉತ್ತರದಲ್ಲಿ ಒಂದು ಕಿಲೋಮೀಟರ್ ಕಡಿಮೆಯಾಗುತ್ತದೆ. ಸರಿಯಾದ ಕ್ರಮ ಹೀಗಿದೆ: ಕಾಗದದ ಬಲಗುರುತನ್ನು ಒಂದು ಪೂರ್ಣ ಕಿಲೋಮೀಟರಿನ ಮೇಲೆ ಕೂರಿಸಿ, ಎಡಗುರುತು ಸೊನ್ನೆಯ ಎಡಭಾಗದಲ್ಲಿ ಬೀಳುವಂತೆ ನೋಡಿಕೊಳ್ಳಿ. ಬಲದಲ್ಲಿ 4, ಎಡದಲ್ಲಿ 600 ಸಿಕ್ಕರೆ ದೂರ 4.6 ಕಿ.ಮೀ.

ಪಟ್ಟಿ ಇಲ್ಲದಿದ್ದರೆ ಚೌಕಗಳೇ ಗತಿ. ಮೊದಲು ಚೌಕದ ಬದಿ ನೆಲದ ಮೇಲೆ ಎಷ್ಟು ದೂರ ಎಂದು ಖಚಿತಪಡಿಸಿಕೊಳ್ಳಿ. 1:50,000 ಪ್ರಮಾಣದ ಹೊಸ ಹಾಳೆಗಳಲ್ಲಿ ಅದು 1 ಕಿ.ಮೀ. ಹಳೆಯ ಹಾಳೆಗಳಲ್ಲಿ ಗಜದ ಲೆಕ್ಕದ ಚೌಕಗಳೂ ಇರುವುದುಂಟು, 1,000 ಗಜವೆಂದರೆ 914 ಮೀಟರ್.

ನಮ್ಮ ಉದಾಹರಣೆಯಲ್ಲಿ ಮುದ್ರಿಸಿಕೊಂಡ ಫೋಟೊದ ಮೇಲೆ 1 ಕಿ.ಮೀ. ಚೌಕದ ಬದಿ 1.6 ಸೆಂ.ಮೀ. ಬಂದಿದೆ ಎಂದುಕೊಳ್ಳೋಣ. ಒಂದೇ ಚೌಕ ಅಳೆಯಬೇಡಿ. ಐದು ಚೌಕಗಳನ್ನು ಒಟ್ಟಿಗೆ ಅಳೆದು ಐದರಿಂದ ಭಾಗಿಸಿ: 8 ಸೆಂ.ಮೀ. ÷ 5 = 1.6 ಸೆಂ.ಮೀ. ಪೆನ್ಸಿಲ್ ಗುರುತಿನ ದಪ್ಪದಿಂದ ಆಗುವ ತಪ್ಪು ಹೀಗೆ ಐದು ಪಾಲು ಕಡಿಮೆಯಾಗುತ್ತದೆ. ಒಂದು ಕಿಲೋಮೀಟರಿನಲ್ಲಿ 1,00,000 ಸೆಂ.ಮೀ. ಇವೆ. ಆದ್ದರಿಂದ

```
1,00,000 ÷ 1.6 = 62,500
```

ನಿಮ್ಮ ಕೈಯಲ್ಲಿರುವ ಚಿತ್ರದ ಪ್ರಮಾಣ 1:62,500. ಅಂಚಿನಲ್ಲಿ ಮುದ್ರಿತವಾದ 1:50,000 ಮೂಲ ಹಾಳೆಯದ್ದು.

ಎರಡರ ನಡುವೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ನಂದಿಬೆಟ್ಟದ ನೆತ್ತಿಯಿಂದ ಚಿಕ್ಕಬಳ್ಳಾಪುರದವರೆಗೆ ನೇರ ಗೆರೆ ಎಳೆದು ಅಳೆದರೆ ಈ ಫೋಟೊದಲ್ಲಿ ಸುಮಾರು 14 ಸೆಂ.ಮೀ. ಬರುತ್ತದೆ. 14 ÷ 1.6 ಮಾಡಿದರೆ 8.75 ಕಿ.ಮೀ. ನೆಲದ ಮೇಲೂ ನೇರ ದೂರ ಒಂಬತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆಯೇ ಇದೆ. 1:50,000 ಎಂದು ನಂಬಿ 14 ÷ 2 ಮಾಡಿದ್ದರೆ 7 ಕಿ.ಮೀ. ಬರುತ್ತಿತ್ತು. ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಕಾಣೆ!

ಪಟ್ಟಿಯೂ ಇಲ್ಲ, ಚೌಕವೂ ಸ್ಪಷ್ಟವಿಲ್ಲ ಎಂದರೆ ಹಾಳೆಯ ಎಡ ಅಥವಾ ಬಲ ಅಂಚಿನಲ್ಲಿ ಬರೆದಿರುವ ಅಕ್ಷಾಂಶಗಳನ್ನು ಹುಡುಕಿ. ನಮ್ಮ ಕಡೆ ಅಕ್ಷಾಂಶದ 5 ನಿಮಿಷಗಳೆಂದರೆ ಉತ್ತರ-ದಕ್ಷಿಣವಾಗಿ ಸುಮಾರು 9.2 ಕಿ.ಮೀ. ಮೂಲ ಹಾಳೆಯಲ್ಲಿ ಅದು 18.4 ಸೆಂ.ಮೀ. ಮೇಲಿನ, ಕೆಳಗಿನ ಅಂಚಿನ ರೇಖಾಂಶಗಳಿಗೆ ಇದೇ ಸಂಖ್ಯೆ ಹಾಕಬೇಡಿ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ, ಹಾಗಾಗಿ ಅವುಗಳ 5 ನಿಮಿಷ ಇಲ್ಲಿ 9 ಕಿ.ಮೀ.ನಷ್ಟೇ.

ಅಂಕುಡೊಂಕಾದ ದಾರಿಗೆ ದಾರ ಬಳಸಿ. ಸ್ವಲ್ಪ ಒದ್ದೆ ಮಾಡಿದರೆ ಮುದ್ರಿತ ಕಾಗದದ ಮೇಲೆ ಜಾರದೆ ಕೂರುತ್ತದೆ. ಬೆಟ್ಟ ಹತ್ತುವ ರಸ್ತೆಯ ತಿರುವುಗಳಲ್ಲಿ ದಾರ ಒಳಬದಿಗೆ ಸರಿದು ಮೂಲೆ ಕಡಿಯುತ್ತದೆ, ಅದರಿಂದ ದೂರ ಕಡಿಮೆ ಬರುತ್ತದೆ. ಪ್ರತಿ ತಿರುವಿನಲ್ಲೂ ಬೆರಳಿನಿಂದ ಒತ್ತಿ ಹಿಡಿಯಿರಿ.

ಹಂತ 3: ಸಮೋನ್ನತಿ ರೇಖೆಗಳನ್ನು ಎಣಿಸಿ

ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ಹೋದಾಗ ನಡುವಿನ ಬಂಡೆಯ ಮೇಲೆ ಒಂದರ ಕೆಳಗೊಂದು ಗೆರೆಗಳು ಉಳಿಯುತ್ತವಲ್ಲ, ಸಮೋನ್ನತಿ ರೇಖೆಗಳೂ ಹಾಗೆಯೇ. ಪ್ರತಿ ಗೆರೆಯೂ ಒಂದು ದಿನದ ನೀರಿನ ಮಟ್ಟ, ಅಂದರೆ ಗೆರೆಯ ಮೇಲಿನ ಎಲ್ಲ ಬಿಂದುಗಳೂ ಒಂದೇ ಎತ್ತರದಲ್ಲಿವೆ. ಬಂಡೆಯನ್ನು ನೇರ ಮೇಲಿನಿಂದ ನೋಡಿದರೆ ಆ ಗೆರೆಗಳು ಒಂದರೊಳಗೊಂದು ಸುತ್ತುಗಳಾಗಿ ಕಾಣುತ್ತವೆ. ನೀರು ದಿನಕ್ಕೊಂದೇ ಅಳತೆಯಲ್ಲಿ ಇಳಿಯದಿರಬಹುದು, ಆದರೆ ನಕ್ಷೆಯಲ್ಲಿ ಗೆರೆಗಳ ನಡುವಿನ ಎತ್ತರದ ವ್ಯತ್ಯಾಸ ಎಲ್ಲ ಕಡೆಯೂ ಒಂದೇ. ಅದನ್ನು ಸಮೋನ್ನತಿ ಅಂತರ ಎನ್ನುತ್ತಾರೆ. 1:50,000 ಹಾಳೆಗಳಲ್ಲಿ ಅದು ಸಾಮಾನ್ಯವಾಗಿ 20 ಮೀಟರ್. ಅಂಚಿನಲ್ಲಿ ‘ಕಾಂಟೂರ್ ಇಂಟರ್ವಲ್’ ಎಂದು ಬರೆದಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಿ.

ಪ್ರತಿ ಐದನೆಯ ರೇಖೆ ದಪ್ಪಗಿರುತ್ತದೆ. ಎತ್ತರದ ಅಂಕಿಯನ್ನು ಹೆಚ್ಚಾಗಿ ಅದರ ಮೇಲೆಯೇ ಬರೆದಿರುತ್ತಾರೆ. 20 ಮೀಟರ್ ಅಂತರದಲ್ಲಿ ಎರಡು ದಪ್ಪ ರೇಖೆಗಳ ನಡುವೆ 100 ಮೀಟರ್ ವ್ಯತ್ಯಾಸ. ಅವುಗಳ ನಡುವೆ ನಾಲ್ಕು ತೆಳು ರೇಖೆಗಳಿರುತ್ತವೆ, ಆದರೆ ಐದು ಸಂದುಗಳಿರುತ್ತವೆ. ರೇಖೆಗಳನ್ನಲ್ಲ, ಸಂದುಗಳನ್ನು ಎಣಿಸಿ. ನಾಲ್ಕು ರೇಖೆ ಎಂದು 80 ಮೀಟರ್ ಬರೆಯುವ ತಪ್ಪನ್ನು ಹೋದ ವರ್ಷದ ಉತ್ತರಗಳಲ್ಲೂ ಕಂಡೆ, ಅದಕ್ಕೂ ಹಿಂದಿನ ವರ್ಷವೂ ಕಂಡಿದ್ದೆ.

ಈ ‘ನಾಲ್ಕು ತೆಳು ರೇಖೆ’ ನಿಯಮ ಫೋಟೊ ಓದುವವರಿಗೆ ಒಳ್ಳೆಯ ಪರೀಕ್ಷೆಯೂ ಹೌದು. ಏಕಮುಖವಾಗಿ ಏರುವ ಇಳಿಜಾರಿನಲ್ಲಿ ಎರಡು ದಪ್ಪ ರೇಖೆಗಳ ನಡುವೆ ನಿಮಗೆ ಮೂರೇ ತೆಳು ರೇಖೆ ಕಂಡರೆ, ಒಂದು ಮಸುಕಾಗಿ ಪಕ್ಕದ್ದರೊಂದಿಗೆ ಬೆರೆತಿದೆ ಎಂದರ್ಥ. ಅದೇ ರೇಖೆಗಳನ್ನು ಹಿಡಿದು ಇಳಿಜಾರು ಸೌಮ್ಯವಾಗಿರುವ ಜಾಗಕ್ಕೆ ಹೋಗಿ. ಅಲ್ಲಿ ಅವು ದೂರದೂರವಾಗಿ, ನಾಲ್ಕೂ ಸಿಗುತ್ತವೆ. ಅಂಕಿ ಮಸುಕಾಗಿದ್ದರೂ ಇದೇ ಉಪಾಯ. 1,300 ಮತ್ತು 1,800 ಫೋಟೊದಲ್ಲಿ ಒಂದೇ ಥರ ಕಾಣಬಹುದು. ಪಕ್ಕದ ದಪ್ಪ ರೇಖೆ 1,200 ಆಗಿದ್ದರೆ ಇದು 1,800 ಆಗಲು ಸಾಧ್ಯವೇ ಇಲ್ಲ.

ಈಗ ನಂದಿಬೆಟ್ಟವನ್ನೇ ಎಣಿಸೋಣ. ಅದರ ಎತ್ತರ 1,478 ಮೀಟರ್. ಸುತ್ತಲಿನ ಬಯಲು 900 ಮೀಟರಿನ ಆಸುಪಾಸಿನಲ್ಲಿದೆ. 920ರ ರೇಖೆಯಿಂದ ಎಣಿಸುತ್ತಾ ಹೋದರೆ 1,000, 1,100, 1,200, 1,300, 1,400ರ ದಪ್ಪ ರೇಖೆಗಳನ್ನು ದಾಟುತ್ತೀರಿ. 1,400 ಆದ ಮೇಲೆ 1,420, 1,440, 1,460 ಎಂಬ ಮೂರು ತೆಳು ರೇಖೆಗಳು, ಅಷ್ಟೇ. 1,480ರ ರೇಖೆ ಇರುವುದಿಲ್ಲ, ಏಕೆಂದರೆ ಬೆಟ್ಟ ಅದಕ್ಕೆ ಎರಡು ಮೀಟರ್ ಕಡಿಮೆ ಇದೆ.

ಹಾಗಾದರೆ 1,478 ಎಂಬುದು ಎಲ್ಲಿಂದ ಬಂತು? ಸಮೋನ್ನತಿ ರೇಖೆಗಳಿಂದ ಬರಲಿಲ್ಲ. ನೆತ್ತಿಯ ಬಳಿ ಚುಕ್ಕಿ ಅಥವಾ ತ್ರಿಕೋನದ ಪಕ್ಕ ಬರೆದ ಅಂಕಿಯಿಂದ ಇಂಥ ಎತ್ತರ ಗೊತ್ತಾಗುತ್ತದೆ. ಆ ಅಂಕಿ ನಿಮ್ಮ ಫೋಟೊದಲ್ಲಿ ಕಾಣದಿದ್ದರೆ ‘ಶಿಖರ 1,460 ಮೀಟರಿಗಿಂತ ಹೆಚ್ಚು, 1,480ಕ್ಕಿಂತ ಕಡಿಮೆ’ ಎಂದು ಬರೆಯುವುದೇ ಸರಿಯಾದ ಉತ್ತರ. ನಡುವೆ 1,470 ಎಂದು ಊಹಿಸಿ ಬರೆಯುವುದು ತಪ್ಪು. ಬೆಟ್ಟದ ನೆತ್ತಿ ರೇಖೆಗಿಂತ ಒಂದು ಮೀಟರ್ ಮೇಲಿರಬಹುದು, ಹತ್ತೊಂಬತ್ತು ಮೀಟರ್ ಮೇಲಿರಬಹುದು. ಬಯಲಿನಲ್ಲೂ ಇದೇ ಮಿತಿ: 15 ಮೀಟರ್ ಎತ್ತರದ ದಿನ್ನೆಯೊಂದು ಎರಡು ರೇಖೆಗಳ ನಡುವೆ ಸಿಕ್ಕಿಕೊಂಡರೆ ನಕ್ಷೆಯಲ್ಲಿ ಅದರ ಸುಳಿವೇ ಇರದಿರಬಹುದು.

ಹಳೆಯ ಒಂದಿಂಚಿನ ನಕ್ಷೆ, ಅಂದರೆ ಒಂದು ಮೈಲಿಗೆ ಒಂದು ಇಂಚಿನ 1:63,360ರ ಹಾಳೆ ಕೈಗೆ ಸಿಕ್ಕರೆ ಎತ್ತರಗಳು ಅಡಿಯಲ್ಲಿರುತ್ತವೆ, ರೇಖೆಗಳ ಅಂತರ 50 ಅಡಿ. ನಂದಿ 4,851 ಅಡಿ ಎಂದು ಹಳಬರು ಹೇಳುವುದು ಇದೇ 1,478 ಮೀಟರನ್ನು.

ರೇಖೆಗಳು ಹತ್ತಿರವಿದ್ದರೆ ಕಡಿದು, ದೂರವಿದ್ದರೆ ಸೌಮ್ಯ ಎಂಬುದು ನಿಮಗೆ ಗೊತ್ತು. ಫೋಟೊದಲ್ಲಿ ಇದರ ಜೊತೆಗೆ ಒಂದು ತೊಡಕು ಬರುತ್ತದೆ. ಟಿಪ್ಪು ಡ್ರಾಪ್‌ನಂಥ ಕಡಿದಾದ ಬಂಡೆಯ ಬದಿಯಲ್ಲಿ ರೇಖೆಗಳು ಮೂಲ ಹಾಳೆಯಲ್ಲೇ ಕೂದಲೆಳೆಯಷ್ಟು ಹತ್ತಿರ ಇರುತ್ತವೆ. ಫೋಟೊದಲ್ಲಿ ಅವು ಬೆರೆತು ಒಂದೇ ಕಂದು ಮಚ್ಚೆಯಾಗುತ್ತವೆ. ಅದನ್ನು ಮಣ್ಣಿನ ಬಣ್ಣ ಅಥವಾ ಬಂಜರು ಭೂಮಿ ಎಂದು ಓದಿದವರಿದ್ದಾರೆ. ಅದು ಇಳಿಜಾರು, ಅದರಲ್ಲೂ ಅತಿ ಕಡಿದಾದ ಇಳಿಜಾರು. ನೆತ್ತಿಯ ಮೇಲೆ ಅಮೃತ ಸರೋವರ, ಯೋಗನಂದೀಶ್ವರ ದೇವಸ್ಥಾನ ಇರುವ ಕಡೆ ರೇಖೆಗಳು ಬಿಡಿಬಿಡಿಯಾಗುವುದರಿಂದ ಅಲ್ಲಿ ಓದು ಸಲೀಸು.

ಹಂತ 4: ಏರು ಯಾವ ಕಡೆ, ಇಳಿ ಯಾವ ಕಡೆ

ಅಂಕಿ ಕಾಣದ ಫೋಟೊಗಳಲ್ಲಿ ಈ ಹಂತವೇ ಮುಖ್ಯ. ರೇಖೆಗಳು ‘ವಿ’ ಆಕಾರದಲ್ಲಿ ಬಾಗಿರುವುದನ್ನು ಕಂಡ ಕೂಡಲೇ ಕಣಿವೆ ಎಂದು ಬರೆದುಬಿಡುತ್ತಾರೆ. ಬೆಟ್ಟದಿಂದ ಮುಂದಕ್ಕೆ ಚಾಚಿದ ಏಣು ಕೂಡ ಅದೇ ಆಕಾರದಲ್ಲಿ ಕಾಣುತ್ತದೆ. ವ್ಯತ್ಯಾಸ ಇರುವುದು ಚೂಪು ತುದಿ ಯಾವ ಕಡೆಗಿದೆ ಎಂಬುದರಲ್ಲಿ. ಕಣಿವೆಯಲ್ಲಿ ಚೂಪು ತುದಿ ಎತ್ತರದ ಕಡೆಗೆ, ಅಂದರೆ ಹಳ್ಳ ಹುಟ್ಟಿ ಬರುವ ಕಡೆಗೆ ಚಾಚಿರುತ್ತದೆ. ಏಣಿನಲ್ಲಿ ತುದಿ ತಗ್ಗಿನ ಕಡೆಗಿರುತ್ತದೆ. ಚೂಪು ತುದಿಗಳನ್ನು ದಾಟಿಕೊಂಡು ಹಳ್ಳದ ಗೆರೆ ಹೋಗುತ್ತಿದ್ದರೆ ಅದು ಖಂಡಿತ ಕಣಿವೆ.

ಆದರೆ ಹಳ್ಳದ ಗೆರೆ ನೀಲಿಯೇ ಇರಬೇಕೆಂದಿಲ್ಲ. ಸರ್ವೇಕ್ಷಣ ಇಲಾಖೆಯ ಹಾಳೆಗಳಲ್ಲಿ ವರ್ಷವಿಡೀ ನೀರಿರುವ ಹೊಳೆಗೆ ನೀಲಿ, ಒಣಗುವ ಹಳ್ಳಕ್ಕೆ ಕಪ್ಪು. ನಂದಿಯ ಸುತ್ತಲಿನಂಥ ಒಣ ಸೀಮೆಯಲ್ಲಿ ಕಪ್ಪು ಹಳ್ಳಗಳೇ ಹೆಚ್ಚು. ಅವುಗಳನ್ನು ಕಾಲುದಾರಿ ಎಂದು ತಿಳಿದರೆ ಇಡೀ ಇಳಿಜಾರು ತಲೆಕೆಳಗಾಗುತ್ತದೆ.

ನಮ್ಮ ಬಯಲುಸೀಮೆಯ ನಕ್ಷೆಗಳಿಗೆ ಇನ್ನೊಂದು ನಂಬಿಕೆಯ ಗುರುತಿದೆ, ಅದು ಕೆರೆ ಏರಿ. ಏರಿಯನ್ನು ಕಟ್ಟುವುದು ಯಾವಾಗಲೂ ತಗ್ಗಿನ ಬದಿಗೆ. ಆದ್ದರಿಂದ ಕೆರೆಯ ಯಾವ ಬದಿಯಲ್ಲಿ ದಪ್ಪನೆಯ, ಹೆಚ್ಚುಕಡಿಮೆ ನೇರವಾದ ಏರಿಯ ಗುರುತಿದೆಯೋ ಆ ಬದಿಗೆ ನೆಲ ಇಳಿಯುತ್ತದೆ. ನೀರು ಹರಡಿರುವ ಬದಿಯಿಂದ ನೆಲ ಏರುತ್ತದೆ. ಒಂದೇ ಒಂದು ಎತ್ತರದ ಅಂಕಿಯೂ ಓದಲಾಗದ ಫೋಟೊದಲ್ಲಿ ಮೂರು ನಾಲ್ಕು ಕೆರೆಗಳ ಏರಿ ನೋಡಿ ಇಡೀ ಸೀಮೆಯ ಇಳಿಜಾರನ್ನು ಹೇಳಬಹುದು.

ಹಂತ 5: ಸಂಕೇತ ಸೂಚಿಯನ್ನು ಬಣ್ಣಕ್ಕಿಂತ ಆಕಾರದಿಂದ ಹೊಂದಿಸಿ

ಸಂಕೇತ ಸೂಚಿ ಎಂದರೆ ಯಾವ ಗುರುತು ಏನನ್ನು ಹೇಳುತ್ತದೆ ಎಂಬ ಪಟ್ಟಿ. ಕಂದು ಸಮೋನ್ನತಿ ರೇಖೆಗೆ, ನೀಲಿ ನೀರಿಗೆ, ಹಸಿರು ಕಾಡು ಮತ್ತು ಗಿಡಮರಗಳಿಗೆ, ಹಳದಿ ಸಾಗುವಳಿ ಭೂಮಿಗೆ, ಕೆಂಪು ರಸ್ತೆ ಮತ್ತು ಮನೆಗಳಿಗೆ, ಕಪ್ಪು ರೈಲುದಾರಿ, ಗಡಿ ಮತ್ತು ಹೆಸರುಗಳಿಗೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ಕೆಂಪು ಮತ್ತು ಕಂದು ಎರಡೂ ಒಂದೇ ಆಗಿ ಕಾಣುತ್ತವೆ. ಆಗ ಆಕಾರವನ್ನು ನಂಬಿ. ಸಮೋನ್ನತಿ ರೇಖೆ ಕವಲೊಡೆಯುವುದಿಲ್ಲ, ಇನ್ನೊಂದನ್ನು ಅಡ್ಡ ದಾಟುವುದಿಲ್ಲ, ಒಂದೋ ಸುತ್ತಿ ಬಂದು ತನ್ನನ್ನೇ ಕೂಡುತ್ತದೆ ಇಲ್ಲವೇ ಹಾಳೆಯ ಅಂಚಿಗೆ ಹೋಗಿ ನಿಲ್ಲುತ್ತದೆ. ರಸ್ತೆ ಕವಲೊಡೆಯುತ್ತದೆ, ರೇಖೆಗಳನ್ನು ದಾಟುತ್ತದೆ, ಊರಿನಲ್ಲಿ ಮುಗಿಯುತ್ತದೆ. ತುಂಡು ತುಂಡು ಗೆರೆಯಾಗಿದ್ದರೆ ಅದು ಕಚ್ಚಾ ದಾರಿಯೋ ಕಾಲುದಾರಿಯೋ, ಸೂಚಿಯಲ್ಲಿ ಹೋಲಿಸಿ ನೋಡಿ.

ಅಂಕಿ, ಅಕ್ಷರಗಳಲ್ಲಿ ಎರಡು ಬಲೆಗಳಿವೆ. ಕೆರೆ ಏರಿಯ ಪಕ್ಕ 3r ಎಂಬಂಥ ಅಂಕಿ ಕಂಡರೆ ಅದು ಸಮುದ್ರಮಟ್ಟದಿಂದ ಎತ್ತರವಲ್ಲ. ಅಂಕಿಯ ಪಕ್ಕದ r ಎಂದರೆ ಸಾಪೇಕ್ಷ ಎತ್ತರ, ಅಕ್ಕಪಕ್ಕದ ನೆಲದಿಂದ ಮೂರು ಮೀಟರ್ ಎಂದು. ಮಸುಕು ಫೋಟೊದಲ್ಲಿ r ಅಳಿಸಿಹೋಗಿ ಬರೀ 3 ಉಳಿಯಬಹುದು. 900 ಮೀಟರ್ ಬಯಲಿನ ನಡುವೆ 3 ಎಂಬ ಎತ್ತರ ಇರಲು ಸಾಧ್ಯವೇ ಎಂದು ಒಮ್ಮೆ ಯೋಚಿಸಿದರೆ ಸಾಕು, ತಪ್ಪು ಹೊಳೆಯುತ್ತದೆ. ಇನ್ನೊಂದು, PS ಎಂದರೆ ಪೊಲೀಸ್ ಠಾಣೆ, ಪ್ರಾಥಮಿಕ ಶಾಲೆಯಲ್ಲ. PO ಅಂಚೆ ಕಚೇರಿ, RF ಮೀಸಲು ಅರಣ್ಯ.

ಸೂಚಿಯ ಫೋಟೊವೇ ಇಲ್ಲದವರು onlinemaps.surveyofindia.gov.in ಎಂಬ ಇಲಾಖೆಯ ತಾಣವನ್ನು ನೋಡಬಹುದು. ಅಲ್ಲಿ 1:50,000ರ ಹಾಳೆಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಪಿಡಿಎಫ್ ಆದರೂ ಪರದೆಯ ಮೇಲೆ ಹಿಗ್ಗಿಸಿದರೆ ಅನುಪಾತ ಕೆಡುತ್ತದೆ, ಹಂತ 2 ಅದಕ್ಕೂ ಅನ್ವಯಿಸುತ್ತದೆ.

ಹಂತ 6: ಎಲ್ಲವನ್ನೂ ಸೇರಿಸಿ ಇಳಿಜಾರು ಲೆಕ್ಕ ಮಾಡಿ

ಪರೀಕ್ಷೆಯಲ್ಲಿ ಕೇಳುವ ಲೆಕ್ಕ ಇದು. ಇಳಿಜಾರಿನ ಪ್ರಮಾಣ ಎಂದರೆ ಎತ್ತರದ ವ್ಯತ್ಯಾಸವನ್ನು ಸಮತಲ ದೂರದಿಂದ ಭಾಗಿಸಿದ್ದು. ನಮ್ಮ ಫೋಟೊದಲ್ಲಿ ಬೆಟ್ಟದ ಒಂದು ಬದಿಯಲ್ಲಿ 1,100 ಮತ್ತು 1,200ರ ದಪ್ಪ ರೇಖೆಗಳ ನಡುವೆ 0.4 ಸೆಂ.ಮೀ. ಸಿಕ್ಕಿತು ಎಂದಿಟ್ಟುಕೊಳ್ಳಿ. ಅಳೆಯುವಾಗ ಅಳತೆಪಟ್ಟಿಯನ್ನು ರೇಖೆಗಳಿಗೆ ಲಂಬವಾಗಿ ಇಡಿ, ಓರೆಯಾಗಿ ಇಟ್ಟರೆ ಇಳಿಜಾರು ಸೌಮ್ಯವೆಂದು ತಪ್ಪಾಗಿ ಬರುತ್ತದೆ.

```
ಎತ್ತರದ ವ್ಯತ್ಯಾಸ = 1,200 − 1,100 = 100 ಮೀ.
ಸಮತಲ ದೂರ      = 0.4 ÷ 1.6 = 0.25 ಕಿ.ಮೀ. = 250 ಮೀ.
ಇಳಿಜಾರು         = 100 : 250 = 1 : 2.5
```

ಎರಡೂವರೆ ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು, ಕೋನದಲ್ಲಿ ಸುಮಾರು 22 ಡಿಗ್ರಿ. ಗಮನಿಸಿ, ಮೇಲಿನ ಸಾಲಿನ 100 ಮೀಟರಿಗೆ ಫೋಟೊ ಏನೂ ಮಾಡಲಾಗಲಿಲ್ಲ, ಅದು ಅಂಕಿಯಿಂದ ಬಂದದ್ದು. ಎರಡನೆಯ ಸಾಲಿಗೆ ಮಾತ್ರ ನಮ್ಮ 1.6 ಬೇಕಾಯಿತು. ಅಲ್ಲಿ 2ರಿಂದ ಭಾಗಿಸಿದ್ದರೆ ದೂರ 200 ಮೀಟರ್ ಆಗಿ, ಇಳಿಜಾರು 1:2, ಕೋನ 27 ಡಿಗ್ರಿಯ ಹತ್ತಿರ ಬರುತ್ತಿತ್ತು. ಬೆಟ್ಟ ಇರುವುದಕ್ಕಿಂತ ಕಡಿದಾಗಿಬಿಡುತ್ತಿತ್ತು.

ಅಡ್ಡಛೇದದ ಚಿತ್ರ ಬರೆಯುವವರೂ ಇದೇ 1:62,500ನ್ನು ಬಳಸಬೇಕು. ಲಂಬವಾಗಿ 1 ಸೆಂ.ಮೀ.ಗೆ 100 ಮೀಟರ್ ಇಟ್ಟುಕೊಂಡರೆ ಲಂಬ ಪ್ರಮಾಣ 1:10,000. ಆಗ 62,500 ÷ 10,000 ಲೆಕ್ಕದಲ್ಲಿ ಚಿತ್ರದ ಬೆಟ್ಟ ನಿಜಕ್ಕಿಂತ ಆರೂಕಾಲು ಪಟ್ಟು ಉಬ್ಬಿ ಕಾಣುತ್ತದೆ. ಇದಕ್ಕೆ ಲಂಬ ಉತ್ಪ್ರೇಕ್ಷೆ ಎಂದು ಹೆಸರು, ಚಿತ್ರದ ಕೆಳಗೆ ಅದನ್ನು ನಮೂದಿಸಿ.

ಪರೀಕ್ಷೆಯ ದಿನ ಕೈಗೆ ಬರುವುದು ಮೂಲ ಹಾಳೆಯೋ ಜೆರಾಕ್ಸ್ ಪ್ರತಿಯೋ ಮೊದಲೇ ಗೊತ್ತಿರುವುದಿಲ್ಲ. ಜೆರಾಕ್ಸ್ ಯಂತ್ರವೂ ಹಾಳೆಗೆ ಹೊಂದಿಸಲು ನಕ್ಷೆಯನ್ನು ಕುಗ್ಗಿಸುತ್ತದೆ. ಪ್ರಶ್ನೆ ಓದುವ ಮೊದಲೇ ಐದು ಚೌಕಗಳ ಮೇಲೆ ಅಳತೆಪಟ್ಟಿ ಇಡಿ. 10 ಸೆಂ.ಮೀ. ಬಂದರೆ ಮುದ್ರಿತ 1:50,000ವೇ ಸರಿ, ಮನೆಯಲ್ಲಿ ಕಂಡುಹಿಡಿದ 1.6ನ್ನು ಅಲ್ಲಿ ಹಾಕಬೇಡಿ. ಬೇರೆ ಏನಾದರೂ ಬಂದರೆ ಆ ಅಳತೆಯಿಂದ ಹೊಸ ಪ್ರಮಾಣ ಲೆಕ್ಕ ಮಾಡಿ, ಆ ಲೆಕ್ಕವನ್ನೂ ಉತ್ತರದ ಮೊದಲ ಸಾಲಿನಲ್ಲೇ ಬರೆದು ತೋರಿಸಿ.